ಬ್ರೆಡ್ಡು ಕಾಯುವ ಹೊತ್ತು, ಹಿಟ್ಟು ದುಡಿಯುವ ಹೊತ್ತು

ಬೆಳಗ್ಗೆ 10ಕ್ಕೆ ಮಿಕ್ಸರಿಗೆ ಸುರಿದ ಮೈದಾ ಮರುದಿನ ಬೆಳಗಿನ ಜಾವ 5.30ಕ್ಕೆ ಬ್ರೆಡ್ಡಾಗಿ ವ್ಯಾನು ಹತ್ತುತ್ತದೆ. ನಡುವೆ ಹತ್ತೊಂಬತ್ತೂವರೆ ಗಂಟೆ. ಅಷ್ಟರಲ್ಲಿ ಆ ಬ್ರೆಡ್ಡಿನ ಮೇಲೆ ಕೆಲಸ ನಡೆದದ್ದು ಎಷ್ಟು ಹೊತ್ತು, ಅದು ಸುಮ್ಮನೆ ಕಾದದ್ದು ಎಷ್ಟು ಹೊತ್ತು? ಇದನ್ನು ಒಂದೇ ಹಾಳೆಯಲ್ಲಿ ತೋರಿಸುವ ಚಿತ್ರವೇ ವ್ಯಾಲ್ಯೂ ಸ್ಟ್ರೀಮ್ ಮ್ಯಾಪ್. ಜಪಾನಿನ ಟೊಯೋಟಾ ಕಂಪನಿಯಲ್ಲಿದ್ದ ರೂಢಿಯೊಂದನ್ನು ಮೈಕ್ ರಾಥರ್ ಮತ್ತು ಜಾನ್ ಶುಕ್ 1990ರ ದಶಕದ ಕೊನೆಯಲ್ಲಿ ‘ಲರ್ನಿಂಗ್ ಟು ಸೀ’ ಪುಸ್ತಕದಲ್ಲಿ ವಿವರಿಸಿದರು. ಅಲ್ಲಿಂದ ಅದು ಬೇರೆ ಬೇರೆ ಉದ್ಯಮಗಳಿಗೆ ಹಬ್ಬಿತು.

ಆ ಪುಸ್ತಕದ ಉದಾಹರಣೆ ಕಾರಿನ ಲೋಹದ ಬಿಡಿಭಾಗ. ಲೋಹದ ತುಂಡು ಎರಡು ದಿನ ಮೂಲೆಯಲ್ಲಿ ಬಿದ್ದಿದ್ದರೂ ಹಾಗೇ ಇರುತ್ತದೆ. ನಾದಿದ ಹಿಟ್ಟು ಹಾಗಿರುವುದಿಲ್ಲ. ಯಾರೂ ಮುಟ್ಟದಿದ್ದಾಗಲೂ ಅದರೊಳಗೆ ಈಸ್ಟು ಕೆಲಸ ಮಾಡುತ್ತಲೇ ಇರುತ್ತದೆ. ಹಾಗಾಗಿ ಕಾರ್ಖಾನೆಯ ನಕ್ಷೆಯನ್ನು ಬೇಕರಿಗೆ ಇದ್ದಕ್ಕಿದ್ದಂತೆ ತಂದರೆ ಅದು ತಪ್ಪು ಲೆಕ್ಕ ಕೊಡುತ್ತದೆ. ಯಾಕೆಂದು ಒಂದು ಸಣ್ಣ ಬೇಕರಿಯನ್ನು ಕಲ್ಪಿಸಿಕೊಂಡು ನೋಡೋಣ.

ದಿನಕ್ಕೆ 180 ಬ್ರೆಡ್ಡು. ಒಂದು ಸಲಕ್ಕೆ 25 ಕಿಲೋ ಮೈದಾ ನಾದಿದರೆ 90 ಬ್ರೆಡ್ಡಿನ ಹಿಟ್ಟು, ಅಂಥ ಎರಡು ಸಲ. ಓವನ್ನಿನಲ್ಲಿ ಹಿಡಿಯುವುದು 60 ಟಿನ್ನು. ನಕ್ಷೆ ಬರೆಯುವವರು ಕುರ್ಚಿಯಲ್ಲಿ ಕೂತು ಮಾಲೀಕರನ್ನು ಕೇಳಿ ಬರೆಯಬಾರದು. ಗಡಿಯಾರ, ಪೆನ್ಸಿಲು ಹಿಡಿದು ಹಿಟ್ಟಿನ ಪಕ್ಕದಲ್ಲೇ ನಿಲ್ಲಬೇಕು. ಮೊದಲು ವ್ಯಾನಿನಿಂದ ಹಿಂದಕ್ಕೆ ಮಿಕ್ಸರಿನವರೆಗೆ ಒಮ್ಮೆ ನಡೆದು ನೋಡಿ, ಆಮೇಲೆ ಒಂದೇ ಒಂದು ಉಂಡೆಯನ್ನು ಆರಿಸಿ ಅದರ ಬೆನ್ನು ಹತ್ತಬೇಕು. ನಾವು ಮೊದಲ ಹಿಟ್ಟಿನ 75ನೇ ಉಂಡೆಯನ್ನು ಹಿಡಿಯೋಣ. ಅದು ಎರಡನೇ ಸಲ ಓವನ್ನಿಗೆ ಹೋಗುವ ಗುಂಪಿನದು.

ನಾದಲು 15 ನಿಮಿಷ. ಆಮೇಲೆ ಹಿಟ್ಟು ಒಂದು ಗಂಟೆ ಹುದುಗಬೇಕು. ಆದರೆ ಗಂಟೆ ಮುಗಿದಾಗ ಟೇಬಲ್ಲಿನ ಮೇಲೆ ಬನ್ನಿನ ಪ್ಯಾಕಿಂಗ್ ನಡೆಯುತ್ತಿತ್ತು, ಕತ್ತರಿಸಲು ಶುರುವಾದದ್ದು 25 ನಿಮಿಷ ತಡವಾಗಿ. 90 ಉಂಡೆ ಕತ್ತರಿಸಿ ತೂಗಲು ಇಬ್ಬರಿಗೆ 25 ನಿಮಿಷ. ನಮ್ಮ ಉಂಡೆಗೆ ಕೈ ತಾಗಿದ್ದು ಕೆಲವೇ ಸೆಕೆಂಡು, ಅದರ ಸರದಿ ಬರುವುದಕ್ಕೆ 21 ನಿಮಿಷ. ಕತ್ತರಿಸಿದ ಮೇಲೆ ಅದು 10 ನಿಮಿಷ ಸುಧಾರಿಸಿಕೊಳ್ಳಬೇಕು, ಇಲ್ಲದಿದ್ದರೆ ಸುತ್ತುವಾಗ ಹರಿಯುತ್ತದೆ. ಆದರೆ ಎಲ್ಲವನ್ನೂ ಕತ್ತರಿಸಿ ಮುಗಿಸಿದ ಮೇಲೇ ಸುತ್ತುವ ಕೆಲಸ ಆದ್ದರಿಂದ ಇನ್ನೂ 11 ನಿಮಿಷ ಹೆಚ್ಚು ಕಾಯಿತು. ಟಿನ್ನಿನಲ್ಲಿ 55 ನಿಮಿಷ ಉಬ್ಬಿ ಹದಕ್ಕೆ ಬಂದಾಗ ಓವನ್ನಿನಲ್ಲಿ ಮೊದಲ 60 ಟಿನ್ನು ಕೂತಿದ್ದವು. ಅಲ್ಲಿ 28 ನಿಮಿಷ ಹೋಯಿತು. ಬೇಯಲು ಅರ್ಧ ಗಂಟೆ, ಆರಲು ಎರಡು ಗಂಟೆ. ಮಧ್ಯಾಹ್ನ ನಾಲ್ಕೂಕಾಲಿಗೆ ಬ್ರೆಡ್ಡು ತಯಾರಾಗಿದ್ದರೂ ಸ್ಲೈಸ್ ಮಾಡುವವರು ಬರುವುದು ಸಂಜೆ 7ಕ್ಕೆ. ಏಳೂವರೆಗೆ ಪ್ಯಾಕಾದ ಬ್ರೆಡ್ಡು ಬೆಳಗಿನವರೆಗೆ ಕಪಾಟಿನಲ್ಲಿ ಇರುತ್ತದೆ.

ರೂಢಿಯ ನಕ್ಷೆಯ ಬುಡದಲ್ಲಿ ಮೆಟ್ಟಿಲಿನಂಥ ಒಂದು ಗೆರೆ ಇರುತ್ತದೆ. ಅದರ ಒಂದು ಮಟ್ಟ ಕೆಲಸದ ಹೊತ್ತು, ಇನ್ನೊಂದು ಮಟ್ಟ ಕಾಯುವ ಹೊತ್ತು. ನಾದುವುದು, ಬೇಯಿಸುವುದು ಮತ್ತು ಈ ಒಂದು ಬ್ರೆಡ್ಡಿಗೆ ತಾಗಿದ ಕೈಕೆಲಸ ಸೇರಿ ಒಟ್ಟು 47 ನಿಮಿಷ. ಉಳಿದ ಹದಿನೆಂಟು ಮುಕ್ಕಾಲು ಗಂಟೆಯನ್ನೆಲ್ಲ ‘ಕಾಯುವುದು’ ಎಂದು ಬರೆದರೆ ಮಾಲೀಕರು ಹೌಹಾರುತ್ತಾರೆ. ಹುದುಗುವ ಹೊತ್ತನ್ನು ಅರ್ಧಕ್ಕೆ ಇಳಿಸೋಣ, ಈಸ್ಟು ಜಾಸ್ತಿ ಹಾಕೋಣ ಎಂಬ ಯೋಚನೆ ಅಲ್ಲಿಂದಲೇ ಬರುತ್ತದೆ. ಆಗ ಹಿಟ್ಟು ಬೇಗ ಉಬ್ಬುವುದೇನೋ ನಿಜ, ಆದರೆ ಪರಿಮಳ ಬೆಳೆದಿರುವುದಿಲ್ಲ, ಬ್ರೆಡ್ಡಿಗೆ ಈಸ್ಟಿನ ವಾಸನೆ ಅಂಟಿಕೊಳ್ಳುತ್ತದೆ. ಆರುವ ಹೊತ್ತನ್ನು ಕತ್ತರಿಸಿದರಂತೂ ಬಿಸಿ ಬ್ರೆಡ್ಡು ಬ್ಲೇಡಿಗೆ ಮೆತ್ತಿಕೊಂಡು ಕುಸಿಯುತ್ತದೆ. ಕವರಿನೊಳಗೆ ಹನಿಗಟ್ಟಿದ ತೇವದಲ್ಲಿ ಬೂಷ್ಟು ಬೇಗ ಹಿಡಿಯುತ್ತದೆ.

ಆದ್ದರಿಂದ ಬೇಕರಿಯ ಗೆರೆಗೆ ಮೂರು ಮಟ್ಟ ಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ: ಕೈ, ಯಂತ್ರ, ಓವನ್ನುಗಳ ಹೊತ್ತು, ಹಿಟ್ಟು ಅಥವಾ ಬ್ರೆಡ್ಡು ತಾನೇ ಬದಲಾಗುವ ಹೊತ್ತು, ಬರೀ ಕಾಯುವ ಹೊತ್ತು. ಯಾವುದು ಎಲ್ಲಿ ಸೇರುತ್ತದೆಂದು ತಿಳಿಯಲು ಒಂದೇ ಪ್ರಶ್ನೆ ಸಾಕು. ಈ ಹೊತ್ತನ್ನು ತೆಗೆದುಹಾಕಿದರೆ ಬ್ರೆಡ್ಡು ಕೆಡುತ್ತದೆಯೇ? ಕೆಡುವುದಾದರೆ ಅದು ಎರಡನೇ ಮಟ್ಟ. ಹುದುಗು, ಸುಧಾರಣೆ, ಉಬ್ಬು, ಆರುವಿಕೆ ಸೇರಿ ಅದು 245 ನಿಮಿಷ, ಅದನ್ನು ಮುಟ್ಟುವಂತಿಲ್ಲ. ಉಳಿದದ್ದು ಸುಮಾರು ಹದಿನಾಲ್ಕೂವರೆ ಗಂಟೆ, ನಿಜವಾಗಿ ಬರೀ ಕಾದದ್ದು ಇಷ್ಟು.

ಈ ಹದಿನಾಲ್ಕೂವರೆ ಗಂಟೆಯೂ ಒಂದೇ ಜಾತಿಯದಲ್ಲ. ಓವನ್ನಿನ ಆಚೆಗೆ ಹದಿಮೂರು ಗಂಟೆ, ಈಚೆಗೆ 85 ನಿಮಿಷ. ಅಂಕಿಯಲ್ಲಿ ಚಿಕ್ಕದಾದ ಆ 85 ನಿಮಿಷವೇ ಹೆಚ್ಚು ಕೇಡು ಮಾಡುವುದು. ಆ ಹೊತ್ತಿನಲ್ಲೂ ಹಿಟ್ಟು ಹುದುಗುತ್ತಲೇ ಇರುತ್ತದೆ. ಉಬ್ಬಿದ ಹಿಟ್ಟನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೆ ಗುಳಿ ನಿಧಾನವಾಗಿ ಮೇಲೇಳಬೇಕು. ಏಳದೆ ಹಾಗೇ ಉಳಿದರೆ ಹದ ಮೀರಿದೆ ಎಂದರ್ಥ. ಅಂಥದ್ದು ಓವನ್ನಿನಲ್ಲಿ ತಲೆ ಕುಸಿದು, ಒಳಗೆ ದೊಡ್ಡ ತೂತುಗಳಾಗಿ, ಹುಳಿ ವಾಸನೆಯೊಂದಿಗೆ ಹೊರಬರುತ್ತದೆ. ಮೊದಲ ಗುಂಪಿನ ಬ್ರೆಡ್ಡು ಚೆನ್ನಾಗಿದ್ದು ಎರಡನೇ ಗುಂಪಿನದು ಕುಗ್ಗಿದ್ದರೆ ಬೇಕರಿಯವರು ಮೈದಾವನ್ನೋ ಈಸ್ಟನ್ನೋ ದೂರುವುದುಂಟು. ಕಾರಣ ನಕ್ಷೆಯಲ್ಲಿದೆ: ಓವನ್ನಿನ ಬಾಗಿಲಲ್ಲಿ ಕಾದ 28 ನಿಮಿಷ.

ಇದಕ್ಕೆ ದೊಡ್ಡ ಓವನ್ನೇ ಬೇಕಿಲ್ಲ. 90ರ ಎರಡು ಹಿಟ್ಟಿನ ಬದಲು 60ರ ಮೂರು ಹಿಟ್ಟು ನಾದಿ, ಒಂದಕ್ಕೂ ಇನ್ನೊಂದಕ್ಕೂ 35 ನಿಮಿಷ ಅಂತರ ಇಟ್ಟರೆ ಒಂದು ಗುಂಪು ಓವನ್ನಿನಿಂದ ಇಳಿಯುವಾಗ ಇನ್ನೊಂದು ಹದಕ್ಕೆ ಬಂದಿರುತ್ತದೆ. 60 ಉಂಡೆ ಕತ್ತರಿಸಲು ಸುಮಾರು 17 ನಿಮಿಷ, ಸುತ್ತಲು 13. ಟೇಬಲ್ಲು ಹೊತ್ತಿಗೆ ಸರಿಯಾಗಿ ಖಾಲಿಯಿದ್ದರೆ ಓವನ್ನಿಗೆ ಮುಂಚಿನ ಬರೀ ಕಾಯುವಿಕೆ 85ರಿಂದ ಸುಮಾರು 20 ನಿಮಿಷಕ್ಕೆ ಇಳಿಯುತ್ತದೆ. ಮೊದಲ ಉಂಡೆಗೂ ಕೊನೆಯ ಉಂಡೆಗೂ ಹೆಚ್ಚುಕಡಿಮೆ ಅಷ್ಟೇ ಆಗುವುದರಿಂದ ಬ್ರೆಡ್ಡುಗಳ ಗಾತ್ರವೂ ಒಂದೇ ಸಮ ಬರುತ್ತದೆ. ಓವನ್ನು ನಾಲ್ಕು ಸಲ, ಅದರಲ್ಲಿ ಎರಡು ಸಲ ಅರ್ಧ ಖಾಲಿ ಓಡುತ್ತಿದ್ದದ್ದು ಮೂರು ಸಲ ತುಂಬಿ ಓಡುತ್ತದೆ. ಬೆಲೆಯೂ ಇದೆ: ಮಿಕ್ಸರು ಒಂದು ಸಲ ಹೆಚ್ಚು ತಿರುಗಬೇಕು. ಪ್ರತಿ 35 ನಿಮಿಷದಲ್ಲಿ 30 ನಿಮಿಷ ಟೇಬಲ್ಲಿಗೇ ಬೇಕಾಗುವುದರಿಂದ ಆ ಇಬ್ಬರು ಓವನ್ನು ನೋಡಿಕೊಳ್ಳಲಾರರು. ಮೂರನೆಯವರಿಲ್ಲದ ಬೇಕರಿಯಲ್ಲಿ ಈ ಲೆಕ್ಕ ಕೂಡುವುದಿಲ್ಲ.

ಓವನ್ನಿನ ಆಚೆಯ ಹದಿಮೂರು ಗಂಟೆಯ ಕಥೆ ಬೇರೆ. ಆರಿದ ಬ್ರೆಡ್ಡು ಅಂದಿನಿಂದಲೇ ಗಡುಸಾಗತೊಡಗುತ್ತದೆ, ಗ್ರಾಹಕರಿಗೆ ಸಿಗಬೇಕಾದ ತಾಜಾತನ ಕಪಾಟಿನಲ್ಲಿ ಕಳೆಯುತ್ತದೆ. ಹೊಸ ಏರ್ಪಾಟಿನಲ್ಲಿ ಮೊದಲ ಗುಂಪು ಮಧ್ಯಾಹ್ನ 3.10ಕ್ಕೆ ಆರಿರುತ್ತದೆ. ಸ್ಲೈಸ್ ಮಾಡುವವರು ಆಗಲೇ ಬಂದರೆ ಕೊನೆಯ ಗುಂಪು 4.40ಕ್ಕೆ ಪ್ಯಾಕಾಗಿರುತ್ತದೆ. ಸಂಜೆ 5ಕ್ಕೆ ವ್ಯಾನು ಹೊರಟು ಅಂಗಡಿಗಳ ಸಂಜೆ ವ್ಯಾಪಾರಕ್ಕೇ ಬ್ರೆಡ್ಡು ಮುಟ್ಟಿಸಿದರೆ ಹನ್ನೆರಡು ಗಂಟೆಗೂ ಹೆಚ್ಚು ಉಳಿಯುತ್ತದೆ. ಬೆಳಗ್ಗೆಯೇ ಕೊಡಬೇಕೆಂದರೆ ರಾತ್ರಿ ಹತ್ತೂವರೆಗೆ ನಾದಲು ಶುರು ಮಾಡಬೇಕು. ಆಗ ರಾತ್ರಿ ಪಾಳಿಯ ಸಂಬಳ ಸೇರಿಸಿ ಲೆಕ್ಕ ಹಾಕಬೇಕಾಗುತ್ತದೆ.

ನಕ್ಷೆಯಲ್ಲಿ ಪ್ರತಿ ಹಂತದ ಪೆಟ್ಟಿಗೆಯೊಳಗೆ ಹಿಟ್ಟಿನ ಶಾಖವನ್ನೂ ಬರೆದಿಡಬೇಕು. ಡಿಸೆಂಬರಿನಲ್ಲಿ ಒಂದು ಗಂಟೆ ಕೇಳುವ ಹಿಟ್ಟು ಏಪ್ರಿಲ್ಲಿನ ಸೆಕೆಗೆ ಮುಕ್ಕಾಲು ಗಂಟೆಯಲ್ಲೇ ಹುದುಗಿಬಿಡಬಹುದು, ಆಗ ಹಳೆಯ ನಕ್ಷೆಯ ಒಂದು ಗಂಟೆಯಲ್ಲಿ ಕಾಲು ಗಂಟೆ ಹದ ಮೀರಿದ ಕಾಯುವಿಕೆಯಾಗಿರುತ್ತದೆ. ಬೇಸಿಗೆಯಲ್ಲಿ ಒಂದೋ ನೀರಿಗೆ ಐಸ್ ಹಾಕಿ ಹಿಟ್ಟನ್ನು ತಣ್ಣಗಿಡಬೇಕು, ಇಲ್ಲವೇ ಗಡಿಯಾರ ಹಿಡಿದು ಹೊಸದಾಗಿ ನಕ್ಷೆ ಬರೆಯಬೇಕು.