ಮೊದಲು ಇಬ್ಬರನ್ನೂ ಕೇಳಿ, ಆಮೇಲೆ ಪರಿಚಯಿಸಿ

ಕೆಲಸ ಹುಡುಕುತ್ತಿರುವವರನ್ನು ಕೆಲಸ ಕೊಡಬಲ್ಲವರಿಗೆ ಪರಿಚಯಿಸಲು ಎರಡು ನಿಮಿಷ ಸಾಕು. ಇಬ್ಬರ ವಿಳಾಸವನ್ನೂ ಒಂದೇ ಇಮೇಲ್‌ಗೆ ಹಾಕಿ, ‘ನಮ್ಮ ಹುಡುಗಿ, ನಿಮ್ಮಲ್ಲಿ ಏನಾದರೂ ಇದ್ದರೆ ನೋಡಿ’ ಎಂದು ಬರೆದರೆ ಮುಗಿಯಿತು. ಪೇಚಾಟ ಶುರುವಾಗುವುದು ಅಲ್ಲಿಂದಲೇ. ಜಾಗ ಖಾಲಿ ಇಲ್ಲದಿದ್ದರೆ ಪತ್ರ ಪಡೆದವರು ಅದನ್ನು ಆ ಹುಡುಗಿಯ ಎದುರಿಗೇ ಹೇಳಬೇಕು. ಸುಮ್ಮನಿದ್ದರೆ ಪರಿಚಯಿಸಿದವರಿಗೆ ಅವಮಾನ. ವಾಟ್ಸ್ಯಾಪ್‌ನಲ್ಲಿ ದಿಢೀರನೆ ಮೂವರ ಗ್ರೂಪ್ ಮಾಡಿದಾಗಲೂ ಇದೇ ಪಾಡು.

ಇದಕ್ಕೆ ಅಮೆರಿಕದ ಸ್ಟಾರ್ಟ್‌ಅಪ್ ವಲಯದಲ್ಲಿ ರೂಢಿಯಲ್ಲಿರುವ ಉತ್ತರ ‘ಡಬಲ್ ಆಪ್ಟ್-ಇನ್’ ಪರಿಚಯ. ನ್ಯೂಯಾರ್ಕಿನ ಹೂಡಿಕೆದಾರ ಫ್ರೆಡ್ ವಿಲ್ಸನ್ 2009ರಲ್ಲಿ ಇದರ ಬಗ್ಗೆ ಬರೆದಿದ್ದರು. ನಿಯಮ ಇಷ್ಟೇ: ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಬೇಕು, ಇಬ್ಬರೂ ಒಪ್ಪಿದ ಮೇಲಷ್ಟೇ ಒಂದೇ ಪತ್ರದಲ್ಲಿ ಸೇರಿಸಬೇಕು.

ಇಷ್ಟು ನಾಜೂಕು ಯಾಕೆ ಬೇಕು ಎನ್ನುವುದಕ್ಕೆ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1970ರ ದಶಕದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಳಿವಿದೆ. ಪರಿಚಯದ ಮೂಲಕ ಕೆಲಸ ಸಿಕ್ಕವರಲ್ಲಿ ಬಹುಪಾಲು ಜನರಿಗೆ ನೆರವಾದದ್ದು ಆಪ್ತ ಸ್ನೇಹಿತರಲ್ಲ, ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೆ ಸಿಗುವ ಪರಿಚಿತರು. ಅಂಥ ತೆಳು ನಂಟು ಮುಜುಗರವನ್ನು ಹೆಚ್ಚು ತಾಳುವುದಿಲ್ಲ. ಒಮ್ಮೆ ಇಕ್ಕಟ್ಟಿಗೆ ಸಿಕ್ಕವರು ಮುಂದಿನ ಸಲ ಪತ್ರವನ್ನೇ ತೆರೆಯುವುದಿಲ್ಲ.

ಒಂದು ಉದಾಹರಣೆ ನೋಡೋಣ. ಹುಬ್ಬಳ್ಳಿಯ ಯುವತಿಯೊಬ್ಬಳಿಗೆ ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ನಾಲ್ಕು ವರ್ಷದ ಅನುಭವ. ಬೆಂಗಳೂರಿನ ಕಂಪನಿಯೊಂದರ ಹುದ್ದೆಯ ಮೇಲೆ ಅವಳ ಕಣ್ಣಿದೆ. ಅವಳ ಹಳೆಯ ಟೀಮ್ ಲೀಡ್‌ಗೆ ಅಲ್ಲಿನ ಮ್ಯಾನೇಜರ್ ಗೊತ್ತು. ಅವಳು ಮೊದಲು ಟೀಮ್ ಲೀಡ್‌ಗೆ ಹೊಸದೊಂದು ಇಮೇಲ್ ಕಳಿಸಬೇಕು, ಹಳೆಯ ಹರಟೆಯ ಎಳೆಗೆ ಉತ್ತರವಾಗಿ ಅಲ್ಲ. ಆ ಪತ್ರ ಇದ್ದ ಹಾಗೇ ಮುಂದಕ್ಕೆ ಹೋಗುತ್ತದೆ. ಯಾವ ಹುದ್ದೆ, ಅದರ ಲಿಂಕ್, ತಾನು ಮಾಡಿದ ಕೆಲಸ ಮೂರು ಸಾಲಿನಲ್ಲಿ, ಏನು ಬೇಕು ಎನ್ನುವುದು ಒಂದು ಸಾಲಿನಲ್ಲಿ. ಕೇಳುವುದೂ ಚಿಕ್ಕದಾಗಿರಲಿ: ‘ಕೆಲಸ ಕೊಡಿಸಿ’ ಅಲ್ಲ, ‘ಹದಿನೈದು ನಿಮಿಷ ಫೋನಿನಲ್ಲಿ ಮಾತಾಡಬಹುದೇ?’

ಟೀಮ್ ಲೀಡ್ ಅದನ್ನು ಮ್ಯಾನೇಜರ್ ಒಬ್ಬರಿಗೇ ಕಳಿಸುತ್ತಾರೆ. ಮೇಲೆ ತಮ್ಮದೊಂದು ಮಾತು:

‘ಸರ್, ಇವರು ಎರಡು ವರ್ಷ ನನ್ನ ಟೀಮ್‌ನಲ್ಲಿದ್ದರು. ಬಿಲ್ಲಿಂಗ್ ಭಾಗದ ಟೆಸ್ಟಿಂಗ್ ಪೂರ್ತಿ ಇವರದೇ. ಮಾತಾಡಲು ನಿಮಗೆ ಅನುಕೂಲವಿದ್ದರೆ ಹೇಳಿ, ಪರಿಚಯಿಸುತ್ತೇನೆ. ಈಗ ಬೇಡ ಎಂದಿದ್ದರೂ ಸಂಕೋಚ ಬೇಡ, ನಾನೇ ಅವರಿಗೆ ತಿಳಿಸುತ್ತೇನೆ.’

ಕೊನೆಯ ವಾಕ್ಯವೇ ಇಡೀ ಪತ್ರದ ಜೀವ. ಬೇಡ ಎನ್ನುವ ಮಾತನ್ನು ಹೊರುವವರು ಯಾರು ಎನ್ನುವುದು ಅಲ್ಲಿ ತೀರ್ಮಾನವಾಗಿದೆ. ಟೀಮ್ ಲೀಡ್ ಕಂಡದ್ದನ್ನಷ್ಟೇ ಹೇಳಿದ್ದಾರೆ, ‘ಅಪ್ರತಿಮ ಪ್ರತಿಭೆ’ ಎಂದಿಲ್ಲ ಎನ್ನುವುದೂ ಮುಖ್ಯ. ಹೊಗಳಿಕೆ ಹೆಚ್ಚಿದಷ್ಟೂ ನಿರಾಕರಿಸುವುದು ಕಷ್ಟ.

ಅವಳು ಒಪ್ಪದೆ ರೆಸ್ಯೂಮೆ ಮಾತ್ರ ಕಳಿಸಬಾರದು. ಹಲವು ಕಂಪನಿಗಳಲ್ಲಿ ರೆಸ್ಯೂಮೆ ಒಮ್ಮೆ ಎಚ್‌ಆರ್ ವ್ಯವಸ್ಥೆಗೆ ಸೇರಿದರೆ ಕೆಲವು ತಿಂಗಳು ಇನ್ನೊಬ್ಬರು ಅದೇ ಹೆಸರನ್ನು ರೆಫರ್ ಮಾಡಲಾಗುವುದಿಲ್ಲ. ಇನ್ನೂ ದೊಡ್ಡ ಅಪಾಯವೆಂದರೆ ಸುದ್ದಿ ಸೋರುವುದು. ಬೆಂಗಳೂರಿನ ಐಟಿ ವಲಯದಲ್ಲಿ ಮ್ಯಾನೇಜರುಗಳು ಒಬ್ಬರಿಗೊಬ್ಬರು ಹಳೆಯ ಸಹೋದ್ಯೋಗಿಗಳು. ಅವಳು ಕೆಲಸ ಹುಡುಕುತ್ತಿರುವ ವಿಷಯ ಈಗಿನ ಬಾಸ್ ಕಿವಿಗೆ ಬಿದ್ದರೆ ಬಡ್ತಿಯೂ ನಿಲ್ಲಬಹುದು. ಹಾಗಾಗಿ ಮ್ಯಾನೇಜರೇ ‘ಟೆಸ್ಟಿಂಗ್‌ಗೆ ಯಾರಾದರೂ ಇದ್ದಾರಾ?’ ಎಂದು ಕೇಳಿದಾಗ, ಹೆಸರು ಹೇಳುವ ಮುಂಚೆ ಅವಳನ್ನು ಕೇಳಬೇಕು. ಅವಳಿಗೂ ಬೇಡ ಎನ್ನುವ ಹಕ್ಕಿದೆ. ಈ ಮಗ್ಗುಲನ್ನೇ ಜನ ಹೆಚ್ಚಾಗಿ ಮರೆಯುತ್ತಾರೆ.

ಮ್ಯಾನೇಜರ್ ಒಪ್ಪಿದರೆ ಇಬ್ಬರಿಗೂ ಸೇರಿ ನಾಲ್ಕು ಸಾಲಿನ ಪತ್ರ. ಮೊದಲು ಉತ್ತರಿಸಬೇಕಾದವಳು ಅವಳು, ಆದಷ್ಟೂ ಅಂದೇ. ಟೀಮ್ ಲೀಡ್‌ಗೆ ಧನ್ಯವಾದ ಹೇಳಿ ಅವರ ವಿಳಾಸವನ್ನು ಬಿಸಿಸಿಗೆ ಸರಿಸಿ, ತನಗೆ ಬಿಡುವಿರುವ ಎರಡು ಹೊತ್ತು ಸೂಚಿಸಬೇಕು. ಆಗ ಮುಂದಿನ ಪತ್ರಗಳೆಲ್ಲ ಅವರಿಗೆ ಬಂದು ಬೀಳುವುದಿಲ್ಲ, ಮಾತು ಮುಂದುವರಿಯಿತು ಎಂಬುದೂ ಅವರಿಗೆ ತಿಳಿದಿರುತ್ತದೆ.

ಇಲ್ಲ ಎನ್ನುವ ಉತ್ತರ ನಮ್ಮಲ್ಲಿ ನೇರವಾಗಿ ಬರುವುದು ಕಡಿಮೆ. ‘ವೆಬ್‌ಸೈಟ್‌ನಲ್ಲಿ ಅಪ್ಲೈ ಮಾಡಲು ಹೇಳಿ’ ಎಂಬುದು ಹಲವು ಸಲ ಸೌಜನ್ಯದ ನಿರಾಕರಣೆ. ಉತ್ತರವೇ ಬಾರದಿದ್ದರೆ ವಾರದ ಮೇಲೆ ಒಂದು ನೆನಪೋಲೆ ಸಾಕು, ಆಮೇಲೂ ಮೌನವಿದ್ದರೆ ಅದೇ ಉತ್ತರ. ಟೀಮ್ ಲೀಡ್ ಆಗ ‘ಸದ್ಯಕ್ಕೆ ಅಲ್ಲಿ ಹೊಂದುತ್ತಿಲ್ಲ ಕಣಮ್ಮ, ಬೇರೆ ಕಡೆ ನೋಡೋಣ’ ಎಂದು ಬೇಗ ತಿಳಿಸಬೇಕು. ಕಾರಣ ಕೆದಕುವುದು ಬೇಡ. ಅವಳು ಲಿಂಕ್ಡ್‌ಇನ್‌ನಲ್ಲಿ ಹುಡುಕಿ ಮ್ಯಾನೇಜರ್‌ಗೆ ತಾನೇ ಸಂದೇಶ ಕಳಿಸಿದರೆ, ಮಧ್ಯದಲ್ಲಿ ನಿಂತವರು ಕಾಪಾಡಿದ ಮರೆ ಹರಿಯುತ್ತದೆ.

ಇದರಿಂದ ಸಿಗುವುದು ಒಂದು ಮಾತುಕತೆ ಮಾತ್ರ. ಸಂದರ್ಶನದ ಸುತ್ತುಗಳು ಎಂದಿನಂತೆ ಉಳಿಯುತ್ತವೆ. ಪರೀಕ್ಷೆ, ಮೀಸಲಾತಿ, ಅಂಕಪಟ್ಟಿಯ ಮೇಲೆ ನಡೆಯುವ ಸರ್ಕಾರಿ ನೇಮಕಾತಿಯಲ್ಲಿ ಇಂಥ ಪತ್ರಕ್ಕೆ ಜಾಗವೇ ಇಲ್ಲ, ಇರಲೂಬಾರದು.