ವಾರ್ಡ್‌ರೋಬ್‌ನ ಒಳಜೋಡಣೆಗಳು: ಉಳಿತಾಯವೆಲ್ಲಿ, ನಷ್ಟವೆಲ್ಲಿ?

ವಾರ್ಡ್‌ರೋಬ್ ತಯಾರಿಸುವ ಸಣ್ಣ ಘಟಕಗಳಲ್ಲಿ ವೆಚ್ಚದ ಲೆಕ್ಕಾಚಾರವು ಸಾಮಾನ್ಯವಾಗಿ ಪ್ಲೈವುಡ್, ಲ್ಯಾಮಿನೇಟ್ ಮತ್ತು ಬಡಗಿಯ ಕೂಲಿಯ ಸುತ್ತಲೇ ಸುತ್ತುತ್ತದೆ. ಬಟ್ಟೆ ತೂಗುಹಾಕುವ ರಾಡ್, ಹೊರಗೆಳೆಯುವ ಪ್ಯಾಂಟ್ ರ‍್ಯಾಕ್, ಟೈ ಹೋಲ್ಡರ್, ಡ್ರಾಯರ್ ಲಾಕ್ ಮುಂತಾದ ಒಳಜೋಡಣೆಗಳನ್ನು ‘ಇತರೆ ಹಾರ್ಡ್‌ವೇರ್’ ಎಂಬ ಒಂದೇ ಸಾಲಿನಲ್ಲಿ ಸೇರಿಸಿ, ಪೆಟ್ಟಿಗೆ ಸಿದ್ಧವಾದ ನಂತರ ಅಂಗಡಿಯಿಂದ ತರಿಸುವುದು ರೂಢಿ. ಆದರೆ ಗ್ರಾಹಕನು ಪ್ರತಿದಿನ ಕೈಯಲ್ಲಿ ಹಿಡಿದು ಎಳೆಯುವುದು ಈ ವಸ್ತುಗಳನ್ನೇ. ಇವುಗಳ ಅಳತೆಯನ್ನು ಹಲಗೆ ಕತ್ತರಿಸುವ ಮೊದಲೇ ನಿರ್ಧರಿಸದಿದ್ದಲ್ಲಿ ಬಿಲ್ಲಿನಲ್ಲಿ ಕಂಡ ಉಳಿತಾಯವು ಕೆಲವೇ ತಿಂಗಳಲ್ಲಿ ಹಲವು ಪಟ್ಟು ನಷ್ಟವಾಗಿ ಹಿಂತಿರುಗುತ್ತದೆ. ಇದನ್ನು ಒಂದು ಉದಾಹರಣೆಯ ಮೂಲಕ ಪರಿಶೀಲಿಸಬಹುದು.

ಒಬ್ಬ ತಯಾರಕನು ವಸತಿ ಸಮುಚ್ಚಯವೊಂದಕ್ಕೆ 40 ವಾರ್ಡ್‌ರೋಬ್‌ಗಳನ್ನು ತಲಾ 35,000 ರೂಪಾಯಿಯಂತೆ, ಒಂದು ವರ್ಷದ ಖಾತರಿಯೊಂದಿಗೆ, ಒಟ್ಟು 14 ಲಕ್ಷ ರೂಪಾಯಿಗೆ ಒಪ್ಪಿಕೊಂಡಿದ್ದಾನೆಂದು ಭಾವಿಸೋಣ. ಶೇಕಡ 8ರಂತೆ ಅವನ ನಿರೀಕ್ಷಿತ ಲಾಭ 1,12,000 ರೂಪಾಯಿ. ಪ್ರತಿ ವಾರ್ಡ್‌ರೋಬ್‌ನ ಒಳ ಅಗಲ 1200 ಮಿ.ಮೀ. ಮೇಲ್ಭಾಗದಲ್ಲಿ ಪೂರ್ಣ ಅಗಲಕ್ಕೆ ಒಂದು ರಾಡ್. ಕೆಳಭಾಗದಲ್ಲಿ 18 ಮಿ.ಮೀ. ದಪ್ಪದ ನಡುಹಲಗೆ, ಅದರ ಎರಡೂ ಬದಿಗೆ 591 ಮಿ.ಮೀ. ಅಗಲದ ಎರಡು ಖಾನೆಗಳು. ಎಡಕ್ಕೆ ಪ್ಯಾಂಟ್ ರ‍್ಯಾಕ್, ಬಲಕ್ಕೆ ಲಾಕ್ ಸಹಿತ ಮೂರು ಡ್ರಾಯರ್‌ಗಳು.

ರಾಡ್: ಉದ್ದವೇ ಮುಖ್ಯ ಶತ್ರು

ತೂಗುಹಾಕುವ ರಾಡ್ ಎಷ್ಟು ಬಾಗುತ್ತದೆಂಬುದು ಅದರ ಉದ್ದದ ನಾಲ್ಕನೆಯ ಘಾತವನ್ನು ಅವಲಂಬಿಸಿದೆ. ಉದ್ದ ಹೆಚ್ಚಿದಂತೆ ಅದರ ಮೇಲೆ ತೂಗುವ ಬಟ್ಟೆಯೂ ಹೆಚ್ಚುವುದೇ ಇದಕ್ಕೆ ಒಂದು ಕಾರಣ. ಉದ್ದವು ಇಮ್ಮಡಿಯಾದರೆ ಬಾಗುವಿಕೆ ಎರಡು ಪಟ್ಟಲ್ಲ, ಹದಿನಾರು ಪಟ್ಟು ಆಗುತ್ತದೆ. 25 ಮಿ.ಮೀ. ವ್ಯಾಸದ, 0.8 ಮಿ.ಮೀ. ದಪ್ಪದ ಉಕ್ಕಿನ ಕೊಳವೆಗೆ ಮೀಟರಿಗೆ 30 ಕಿಲೋಗ್ರಾಂ ಭಾರವೆಂದು ಲೆಕ್ಕ ಹಾಕಿದರೆ, 600 ಮಿ.ಮೀ. ಅಂತರದಲ್ಲಿ ಅದು ಸುಮಾರು ಅರ್ಧ ಮಿ.ಮೀ. ಮಾತ್ರ ಬಾಗುತ್ತದೆ, 1200 ಮಿ.ಮೀ. ಅಂತರದಲ್ಲಿ ಸುಮಾರು 9 ಮಿ.ಮೀ. ಶರ್ಟುಗಳಿಂದ ಇಷ್ಟು ಭಾರ ಬೀಳುವುದು ಅಪರೂಪ. ಆದರೆ ಜರಿಯ ರೇಷ್ಮೆ ಸೀರೆಗಳು ಮತ್ತು ಸೂಟುಗಳು ಒಟ್ಟಿಗೆ ಸೇರಿದಾಗ ಇದು ಅಸಹಜವಲ್ಲ.

ಉದಾಹರಣೆಯ ತಯಾರಕನು 0.5 ಮಿ.ಮೀ. ದಪ್ಪದ ಕೊಳವೆಯನ್ನು ನಡುವೆ ಆಧಾರವಿಲ್ಲದೆ ಬಳಸಿದನು. ಇದು ಅದೇ ಭಾರಕ್ಕೆ ಸುಮಾರು 14 ಮಿ.ಮೀ. ಬಾಗುತ್ತದೆ. ಇಲ್ಲಿ ಇನ್ನೂ ಗಂಭೀರವಾದ ಸಂಗತಿಯೊಂದಿದೆ. ಮೃದು ಉಕ್ಕು ಮರಳಿ ನೆಟ್ಟಗಾಗದಂತೆ ಬಾಗುವ ಮಿತಿಯ ಸಮೀಪಕ್ಕೆ ಈ ಭಾರ ತಲುಪುವುದರಿಂದ, ಬಟ್ಟೆ ತೆಗೆದ ಮೇಲೂ ರಾಡ್ ಡೊಂಕಾಗಿಯೇ ಉಳಿಯಬಹುದು. ಅದೇ ಅಳತೆಯ ಅಲ್ಯೂಮಿನಿಯಂ ಕೊಳವೆಯಾದರೆ ಬಾಗುವಿಕೆ ಉಕ್ಕಿನ ಸುಮಾರು ಮೂರು ಪಟ್ಟು.

ಹೊಳೆಯುವ ಲೇಪನದ ಕೆಳಗೆ ದಪ್ಪ ಎಷ್ಟಿದೆಯೆಂಬುದು ಕಣ್ಣಿಗೆ ತಿಳಿಯದು, ತಕ್ಕಡಿಗೆ ತಿಳಿಯುತ್ತದೆ. 25 ಮಿ.ಮೀ. ವ್ಯಾಸದ ಉಕ್ಕಿನ ಕೊಳವೆ 0.8 ಮಿ.ಮೀ. ದಪ್ಪವಿದ್ದಲ್ಲಿ ಮೀಟರಿಗೆ ಸುಮಾರು 475 ಗ್ರಾಂ ತೂಗುತ್ತದೆ, 0.5 ಮಿ.ಮೀ. ಆದಲ್ಲಿ ಸುಮಾರು 300 ಗ್ರಾಂ. ಮೂರು ಮೀಟರಿನ ಒಂದು ಉದ್ದವನ್ನು ತೂಗಿದರೆ 1.4 ಕಿಲೋಗ್ರಾಂ ಬರಬೇಕಾದಲ್ಲಿ 900 ಗ್ರಾಂ ಬಂದಿತೆಂದರೆ ವ್ಯಾಪಾರಿಗೆ ಬೇರೆ ಪುರಾವೆ ಬೇಕಿಲ್ಲ.

ದಪ್ಪಕ್ಕಿಂತಲೂ ಅಗ್ಗದ ಪರಿಹಾರವೆಂದರೆ ನಡು ಆಧಾರ. 1200 ಮಿ.ಮೀ. ರಾಡಿನ ಮಧ್ಯೆ ಒಂದು ಆಧಾರ ಕೊಟ್ಟರೆ ಬಾಗುವಿಕೆ ಒಂದು ಮಿ.ಮೀ.ಗಿಂತ ಕಡಿಮೆಯಾಗುತ್ತದೆ. ಆದರೆ ಆ ಆಧಾರವು ರಾಡಿನ ಅರ್ಧಕ್ಕಿಂತ ಹೆಚ್ಚು ಭಾರವನ್ನು ಮೇಲಿನ ಹಲಗೆಗೆ ಸಾಗಿಸುವುದರಿಂದ, ಹಲಗೆಯೇ ಬಾಗದಂತೆ ಅದರ ಹಿಂಬದಿಗೆ ಅಡ್ಡಪಟ್ಟಿ ಕೊಡಬೇಕು. ರಾಡನ್ನು ಒಳ ಅಗಲಕ್ಕಿಂತ ಬಹಳ ಗಿಡ್ಡವಾಗಿ ಕತ್ತರಿಸುವುದೂ ತಪ್ಪು. ಪಕ್ಕದ ಹಲಗೆಗಳು ಸ್ವಲ್ಪ ಹೊರಕ್ಕೆ ಬಾಗಿದರೂ ರಾಡಿನ ತುದಿ ಸಾಕೆಟ್‌ನಿಂದ ಜಾರಿ, ಬಟ್ಟೆಯೆಲ್ಲ ಕೆಳಗೆ ಬೀಳುತ್ತದೆ.

ಪ್ಯಾಂಟ್ ರ‍್ಯಾಕ್: ಬಾಗಿಲಿಗೂ ಜಾಗ ಬೇಕು

ಖಾನೆ 591 ಮಿ.ಮೀ. ಇದ್ದುದರಿಂದ ತಯಾರಕನು ಪೂರ್ಣ ಅಗಲವನ್ನು ತುಂಬುವಂತೆ ರ‍್ಯಾಕ್‌ಗಳನ್ನು ಮಾಡಿಸಿದನು. ಕಾರ್ಖಾನೆಯಲ್ಲಿ ಬಾಗಿಲು ಜೋಡಿಸುವ ಮೊದಲು ಪರೀಕ್ಷಿಸಿದಾಗ ಎಲ್ಲವೂ ಸರಾಗವಾಗಿ ಓಡಿದವು. ಮನೆಯಲ್ಲಿ ಬಾಗಿಲು ಕೂರಿಸಿದ ಮೇಲೆ ತೊಂದರೆ ಕಾಣಿಸಿತು. ಸಾಮಾನ್ಯ ಆಟೋ ಹಿಂಜಿನಲ್ಲಿ ಬಾಗಿಲು ತೆರೆದಾಗಲೂ ಹಿಂಜಿನ ತೋಳು ಮತ್ತು ಬಾಗಿಲಿನ ಅಂಚು ಖಾನೆಯ ಬಾಯಿಯೊಳಗೆ ಸ್ವಲ್ಪ ಚಾಚಿರುತ್ತವೆ. ಗೋಡೆಯ ಮೂಲೆಯಲ್ಲಿದ್ದ ವಾರ್ಡ್‌ರೋಬ್‌ಗಳಲ್ಲಿ ಬಾಗಿಲು ಪೂರ್ಣವಾಗಿ ತೆರೆಯುವುದೂ ಸಾಧ್ಯವಿರಲಿಲ್ಲ. ರ‍್ಯಾಕ್ ಹೊರಗೆಳೆದ ಪ್ರತಿ ಬಾರಿಯೂ ಅದರ ಚೌಕಟ್ಟು ಲ್ಯಾಮಿನೇಟನ್ನು ಕೆರೆಯಿತು.

ಹಿಂಜಿನ ಬಾಗಿಲಿನ ಹಿಂದೆ ಹೊರಗೆಳೆಯುವ ಯಾವುದೇ ಜೋಡಣೆಗೂ ಹಿಂಜಿನ ಬದಿಯಲ್ಲಿ ಜಾಗ ಬಿಡಲೇಬೇಕು. ಅಥವಾ ತೆರೆದಾಗ ಬಾಗಿಲು ಸಂಪೂರ್ಣ ಹೊರಕ್ಕೆ ಸರಿಯುವ ವಿಶೇಷ ಅಗಲಕೋನದ ಹಿಂಜ್ ಬಳಸಬೇಕು. ಮೊದಲನೆಯದೇ ಅಗ್ಗ. 18 ಮಿ.ಮೀ. ಹಲಗೆಯ 600 ಮಿ.ಮೀ. ಪೆಟ್ಟಿಗೆಯ ಒಳ ಅಗಲವಾದ 564 ಮಿ.ಮೀ.ಗೆ ಹೊಂದುವ ರ‍್ಯಾಕನ್ನು ಈ ಖಾನೆಗೆ ಆರಿಸಿದ್ದರೆ 27 ಮಿ.ಮೀ. ಉಳಿಯುತ್ತಿತ್ತು. ಹಿಂಜಿನ ಬದಿಗೆ 18 ಮಿ.ಮೀ. ಹಲಗೆಯ ಪಟ್ಟಿ, ನಡುಹಲಗೆಯ ಬದಿಗೆ 9 ಮಿ.ಮೀ. ಪಟ್ಟಿ ಕೂರಿಸಿದಲ್ಲಿ ಲೆಕ್ಕ ಸರಿಹೋಗುತ್ತಿತ್ತು. ಇವು ಕತ್ತರಿಸಿ ಉಳಿದ ತುಂಡುಗಳಿಂದಲೇ ದೊರೆಯುವ ಪಟ್ಟಿಗಳು.

ಡ್ರಾಯರ್‌ಗೂ ಇದೇ ನಿಯಮ. ಸಾಮಾನ್ಯ ಟೆಲಿಸ್ಕೋಪಿಕ್ ಚಾನೆಲ್‌ಗೆ ಪ್ರತಿ ಬದಿಗೆ 12.7 ಮಿ.ಮೀ., ಅಂದರೆ ಅರ್ಧ ಅಂಗುಲ ಬೇಕು. 591ರಲ್ಲಿ ಹಿಂಜಿನ ಬದಿಯ 18 ಮಿ.ಮೀ. ಪಟ್ಟಿ ಮತ್ತು ಚಾನೆಲ್‌ಗಳ 25.4 ಮಿ.ಮೀ. ಕಳೆದರೆ ಡ್ರಾಯರ್ ಪೆಟ್ಟಿಗೆಯ ಹೊರ ಅಗಲ ಸುಮಾರು 547 ಮಿ.ಮೀ. ಪೆಟ್ಟಿಗೆ ಎರಡು ಮೂರು ಮಿ.ಮೀ. ಅಗಲವಾದರೆ ಚಾನೆಲ್ ಬಿಗಿಯುತ್ತದೆ. ಕಿರಿದಾದರೆ ಸಡಿಲವಾಗಿ ಜೋತುಬೀಳುತ್ತದೆ.

ಲಾಕ್: ಒಂದು ಕೀಲಿ, ಹತ್ತು ಬೀಗ

ಡ್ರಾಯರ್ ಲಾಕ್‌ನ ನಾಲಗೆ ಮೇಲಕ್ಕೆ ಏರಿ ಯಾವುದಾದರೂ ಗಟ್ಟಿ ಭಾಗದೊಳಗೆ ಸಿಕ್ಕಿಕೊಳ್ಳಬೇಕು. ಒಂದರ ಮೇಲೊಂದು ಮೂರು ಡ್ರಾಯರ್‌ಗಳಿದ್ದಲ್ಲಿ ಪ್ರತಿಯೊಂದರ ಮೇಲೂ ಅಡ್ಡಪಟ್ಟಿ ಇರಬೇಕಾಗುತ್ತದೆ. ಪೆಟ್ಟಿಗೆ ಮುಗಿದ ಮೇಲೆ ಲಾಕ್ ತರಿಸುವವರಿಗೆ ಈ ಪಟ್ಟಿಯ ನೆನಪಾಗುವುದು ರಂಧ್ರ ಕೊರೆದ ನಂತರವೇ. ಚಾನೆಲ್ ಸಡಿಲವಾಗಿ ಡ್ರಾಯರ್ 3 ಮಿ.ಮೀ. ಕೆಳಗಿಳಿದರೆ ನಾಲಗೆಯ ಹಿಡಿತವೂ ಅಷ್ಟೇ ಕಡಿಮೆಯಾಗುತ್ತದೆ. ಆಗ ಜೋರಾಗಿ ಎಳೆದರೆ ಬೀಗ ಹಾಕಿದ ಡ್ರಾಯರ್ ತೆರೆದುಕೊಳ್ಳುವುದುಂಟು.

ಅಗ್ಗದ ಲಾಕ್‌ಗಳ ಇನ್ನೊಂದು ದೋಷವೆಂದರೆ ಕೀಲಿಗಳ ವೈವಿಧ್ಯ ಕಡಿಮೆಯಿರುವುದು. ಉದಾಹರಣೆಯಲ್ಲಿ ಒಂದು ಮನೆಯ ಕೀಲಿ ಪಕ್ಕದ ಮನೆಯ ಡ್ರಾಯರನ್ನು ತೆರೆದ ಸುದ್ದಿ ಹಬ್ಬಿ, 40 ಮನೆಗಳ 120 ಲಾಕ್‌ಗಳನ್ನೂ ಬದಲಾಯಿಸಬೇಕಾಯಿತು. ಇದರ ಪರೀಕ್ಷೆಗೆ ಐದು ನಿಮಿಷ ಸಾಕು. ಡಬ್ಬಿಯಿಂದ ಹತ್ತು ಲಾಕ್ ತೆಗೆದು, ಒಂದೇ ಕೀಲಿಯನ್ನು ಎಲ್ಲದಕ್ಕೂ ಹಾಕಿ ನೋಡಬೇಕು. ಬೇರೊಂದು ಲಾಕ್ ತೆರೆದುಕೊಂಡಲ್ಲಿ ಆ ಸರಕನ್ನು ಹಿಂದಿರುಗಿಸುವುದೇ ಲೇಸು.

ಲೆಕ್ಕದ ಎರಡು ಬದಿ

ರಾಡಿನ ನಡು ಆಧಾರದಲ್ಲಿ ತಲಾ 60, ಪಟ್ಟಿ ಮತ್ತು ಅದರ ಕೂಲಿಯಲ್ಲಿ 90, ಮೂರು ಲಾಕ್‌ಗಳಲ್ಲಿ 105 ರೂಪಾಯಿಯಂತೆ ತಯಾರಕನು ಪ್ರತಿ ವಾರ್ಡ್‌ರೋಬ್‌ನಲ್ಲಿ 255 ರೂಪಾಯಿ ಉಳಿಸಿದನು. 40ಕ್ಕೆ ಒಟ್ಟು 10,200 ರೂಪಾಯಿ.

ಖಾತರಿಯ ವರ್ಷದಲ್ಲಿ 11 ಮನೆಗಳಲ್ಲಿ ರಾಡ್ ಬದಲಾಯಿಸಲು, ಬಡಗಿಯ ಭೇಟಿಯೂ ಸೇರಿ, 12,650 ರೂಪಾಯಿ ಖರ್ಚಾಯಿತು. 9 ಮನೆಗಳಲ್ಲಿ ಕೆರೆದ ಬಾಗಿಲುಗಳಿಗೆ 36,900 ರೂಪಾಯಿ. ಲಾಕ್‌ಗಳಿಗೆ 20,400 ರೂಪಾಯಿ. ಒಟ್ಟು 69,950. ನಿರೀಕ್ಷಿತ ಲಾಭದಲ್ಲಿ ಶೇಕಡ 60ಕ್ಕೂ ಹೆಚ್ಚು ಭಾಗ ಹೀಗೆ ಕರಗಿತು. ಈ ಖರ್ಚು ಕೂಲಿ, ಸಾಗಾಣಿಕೆ, ದುರಸ್ತಿ ಎಂಬ ಬೇರೆಬೇರೆ ಶೀರ್ಷಿಕೆಗಳಲ್ಲಿ ಹಂಚಿಹೋಗುವುದರಿಂದ ವರ್ಷಾಂತ್ಯದಲ್ಲಿ ನಷ್ಟದ ಮೂಲವೇ ಕಾಣದು. ಆದಕಾರಣ ಖಾತರಿ ದುರಸ್ತಿಗೆ ಪ್ರತ್ಯೇಕ ಖಾತೆ ತೆರೆದು, ಪ್ರತಿ ದೂರಿನ ಮುಂದೆ ಆದೇಶದ ಸಂಖ್ಯೆ ಮತ್ತು ಕೆಟ್ಟ ಜೋಡಣೆಯ ಹೆಸರನ್ನು ಬರೆಯುವುದು ಅವಶ್ಯ.

ಈ ದಾಖಲೆಗೆ ತೆರಿಗೆಯ ದೃಷ್ಟಿಯಿಂದಲೂ ಬೆಲೆಯಿದೆ. ಖಾತರಿಯಡಿ ಹಣ ಪಡೆಯದೆ ಬದಲಾಯಿಸಿದ ಭಾಗಗಳಿಗೆ ತಯಾರಕನು ಜಿ.ಎಸ್.ಟಿ. ಕಟ್ಟಬೇಕಿಲ್ಲ, ಅವುಗಳ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕಿಲ್ಲವೆಂದು 2023ರ ಜುಲೈ 17ರ ಜಿ.ಎಸ್.ಟಿ. ಸುತ್ತೋಲೆ ಸಂಖ್ಯೆ 195 ಸ್ಪಷ್ಟಪಡಿಸಿದೆ. ಪ್ರತ್ಯೇಕ ಹಣ ಪಡೆದಲ್ಲಿ ತೆರಿಗೆ ಅನ್ವಯಿಸುತ್ತದೆ. ಲೆಕ್ಕಪತ್ರ ಮಾನದಂಡ 29ರ ಪ್ರಕಾರ, ಮಾರಾಟವಾದ ಸರಕಿನ ಮೇಲಿನ ಖಾತರಿ ವೆಚ್ಚವನ್ನು ವಿಶ್ವಾಸಾರ್ಹವಾಗಿ ಅಂದಾಜಿಸಬಹುದಾದಲ್ಲಿ ಮಾರಾಟದ ವರ್ಷದಲ್ಲಿಯೇ ಅದಕ್ಕೆ ಅವಕಾಶ ಕಲ್ಪಿಸಬೇಕು. ಇಂತಹ ಮೊತ್ತವು ಹಿಂದಿನ ಅನುಭವದ ಆಧಾರದಲ್ಲಿ ವೈಜ್ಞಾನಿಕವಾಗಿ ಲೆಕ್ಕಹಾಕಿದ್ದಾದರೆ ಆದಾಯ ತೆರಿಗೆಯಲ್ಲಿ ಕಳೆಯಲು ಅರ್ಹವೆಂದು ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ತೀರ್ಪಿತ್ತಿದೆ. ಕೇವಲ ಊಹೆಯ ಶೇಕಡವಾರು ಸಾಲದು. ದೂರುಗಳ ದಾಖಲೆಯೇ ಅದಕ್ಕೆ ಆಧಾರ.

ವ್ಯಾಪಾರಿಗಳ ಸ್ಥಿತಿ ತುಸು ಭಿನ್ನ. ಅವರ ಕಪಾಟಿನಲ್ಲಿ ಹಣ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಟೈ ಹೋಲ್ಡರ್‌ನಂತಹ ನಿಧಾನವಾಗಿ ಮಾರಾಟವಾಗುವ ವಸ್ತುಗಳಲ್ಲಿ. ಲೆಕ್ಕಪತ್ರ ಮಾನದಂಡ 2ರಂತೆ ಇಂತಹ ದಾಸ್ತಾನನ್ನು ಕೊಂಡ ಬೆಲೆ ಅಥವಾ ಮಾರಿದರೆ ಕೈಗೆ ಬರುವ ನಿವ್ವಳ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರಲ್ಲಿ ತೋರಿಸಬೇಕು. ಲೇಪನ ಮಂಕಾದ ಹೋಲ್ಡರನ್ನು ವರ್ಷಗಟ್ಟಲೆ ಕೊಂಡ ಬೆಲೆಯಲ್ಲಿಯೇ ತೋರಿಸುತ್ತ ಹೋದರೆ ಇಲ್ಲದ ಲಾಭಕ್ಕೆ ತೆರಿಗೆ ಕಟ್ಟಿದಂತಾಗುತ್ತದೆ.

ಒಟ್ಟಿನಲ್ಲಿ ಹಲಗೆ ಕತ್ತರಿಸುವ ಪಟ್ಟಿ ಸಿದ್ಧಪಡಿಸುವ ಮೇಜಿನ ಮೇಲೆಯೇ ರಾಡಿನ ಆಧಾರ, ಹಿಂಜಿನ ಬದಿಯ ಪಟ್ಟಿ ಮತ್ತು ಲಾಕಿನ ಅಡ್ಡಪಟ್ಟಿ ಈ ಮೂರೂ ಬರೆಯಲ್ಪಡಬೇಕು. ಉದಾಹರಣೆಯ ತಯಾರಕನಿಗೆ ಅಲ್ಲಿ 255 ರೂಪಾಯಿ ವೆಚ್ಚವಾಗಬೇಕಿತ್ತು. ಗ್ರಾಹಕನ ಮನೆಯಲ್ಲಿ ಅದರ ಬದಲು ತಲಾ ಸುಮಾರು 1,750 ರೂಪಾಯಿ ವೆಚ್ಚವಾಯಿತು.