ಖಾತೆ ಸಂಖ್ಯೆಯ ಹದಿನಾರನೆಯ ಅಂಕಿ

ಕಂಪ್ಲಿಯ ಅಕ್ಕಿ ಗಿರಣಿಯೊಂದು ಭತ್ತ ಮಾರಿದ ನೂರು ರೈತರ ಬ್ಯಾಂಕ್ ಖಾತೆ ಸಂಖ್ಯೆಗಳನ್ನು ಎಕ್ಸೆಲ್ ಪಟ್ಟಿಯಲ್ಲಿ ಪಠ್ಯರೂಪದಲ್ಲಿಯೇ ನಮೂದಿಸಿದೆ ಎಂದು ಭಾವಿಸಬಹುದು. ಒಂದೇ ದಿನ ಖಾತೆ ತೆರೆದ ಸಹೋದರರಿಬ್ಬರ ಸಂಖ್ಯೆಗಳು 1234567890123451 ಮತ್ತು 1234567890123458. ಎರಡು ಬಾರಿ ನಮೂದಾದ ಖಾತೆಗಳನ್ನು ಹುಡುಕಲು ಗುಮಾಸ್ತರು ಈ ಸೂತ್ರವನ್ನು ಬಳಸುತ್ತಾರೆ:

```
=COUNTIF(A$2:A$101,A2)
```

ಉತ್ತರ 2 ಎಂದು ಬರುತ್ತದೆ. ಅದನ್ನು ನಂಬಿ ಒಂದು ಸಾಲನ್ನು ಅಳಿಸಿದರೆ ಒಬ್ಬ ರೈತನಿಗೆ ಹಣವೇ ತಲುಪದು.

ಪಠ್ಯವು ಸಂಖ್ಯೆಯಂತೆ ಕಂಡರೆ COUNTIF ಅದನ್ನು ಸಂಖ್ಯೆಯಾಗಿ ಪರಿವರ್ತಿಸಿಯೇ ಹೋಲಿಸುತ್ತದೆ. ಎಕ್ಸೆಲ್ ಸಂಖ್ಯೆಯಲ್ಲಿ ಉಳಿಯುವುದು 15 ಅಂಕಿಗಳು ಮಾತ್ರ, ಮುಂದಿನದು ಸೊನ್ನೆಯಾಗುತ್ತದೆ. ಹೀಗಾಗಿ ಎರಡೂ 1234567890123450 ಆಗಿಬಿಡುತ್ತವೆ. ಕೋಶವನ್ನು ಪಠ್ಯವೆಂದು ಗುರುತಿಸಿದ ಮಾತ್ರಕ್ಕೆ ರಕ್ಷಣೆ ಇಲ್ಲವೆಂಬುದನ್ನು ಹಲವರು ಅರಿಯರು. ಇದಕ್ಕೆ ಪರಿಹಾರ:

```
=SUMPRODUCT(--(A$2:A$101=A2))
```

ಇಲ್ಲಿ ಸಮ ಚಿಹ್ನೆಯು ಪಠ್ಯವನ್ನು ಪಠ್ಯವಾಗಿಯೇ ಹೋಲಿಸುತ್ತದೆ. ಜೋಡಿ ಋಣ ಚಿಹ್ನೆಯು ‘ಹೌದು’, ‘ಅಲ್ಲ’ ಎಂಬ ಉತ್ತರಗಳನ್ನು 1 ಮತ್ತು 0 ಆಗಿಸುತ್ತದೆ. ಸಹೋದರರಿಬ್ಬರಿಗೂ ಈಗ ಉತ್ತರ 1. ಆದರೆ ಸಂಖ್ಯೆಯ ಕೊನೆಯಲ್ಲಿ ಒಂದು ಖಾಲಿ ಜಾಗ ಉಳಿದಿದ್ದರೂ ಈ ಸೂತ್ರವು ಅದನ್ನು ಬೇರೆ ಖಾತೆಯೆಂದೇ ಎಣಿಸುತ್ತದೆ.

ಸಾಮಾನ್ಯ ಕೋಶದಲ್ಲಿ ಸಂಖ್ಯೆಯಾಗಿ ಬೆರಳಚ್ಚಿಸಿದ್ದರೆ ಹದಿನಾರನೆಯ ಅಂಕಿ ಆಗಲೇ ನಷ್ಟವಾಗಿರುತ್ತದೆ. ಎಲ್ಲ ಖಾತೆಗಳೂ ಸೊನ್ನೆಯಲ್ಲಿ ಮುಗಿಯುವುದೇ ಅದರ ಗುರುತು. ಆಗ ಪಾಸ್‌ಬುಕ್ ನೋಡಿ, ಕೋಶವನ್ನು ಮೊದಲು ಪಠ್ಯರೂಪಕ್ಕೆ ಬದಲಿಸಿ, ಸಂಖ್ಯೆಯನ್ನು ಮತ್ತೆ ನಮೂದಿಸಲೇಬೇಕು.